ಖರ್ಚು ಕಡಿಮೆಯಾದರೆ ಸಾಕಾ? ಮಂಡ್ಯದ ಬೆಲ್ಲದ ಲೆಕ್ಕದಲ್ಲಿ ಪೈಪೋಟಿ ಮತ್ತು ಏಕಸ್ವಾಮ್ಯ

ಮಂಡ್ಯದಲ್ಲಿ ಆಲೆಮನೆಗಳ ಮಾತು ಬಂದಾಗ ಒಂದು ವಾದ ಆಗಾಗ ಕಿವಿಗೆ ಬೀಳುತ್ತದೆ. ಊರಿಗೊಂದರಂತೆ ಇಷ್ಟೊಂದು ಸಣ್ಣ ಸಣ್ಣ ಆಲೆಮನೆ ಯಾಕೆ? ಎಲ್ಲವನ್ನೂ ಒಬ್ಬರ ಕೈಗೆ ಕೊಟ್ಟರೆ ಖರ್ಚು ಉಳಿಯುತ್ತದೆ, ದಕ್ಷತೆ ಹೆಚ್ಚುತ್ತದೆ ಅಲ್ವಾ? ಬೆಲ್ಲಕ್ಕೆ ಮಾತ್ರ ಅಲ್ಲ, ಸಿಮೆಂಟು, ವಿಮಾನ, ಮೊಬೈಲ್ ಸೇವೆ ಹೀಗೆ ಎಲ್ಲಿ ಎರಡು ಕಂಪನಿ ಒಂದಾಗಲು ಹೊರಟರೂ ಇದೇ ಮಾತು ಮುಂದೆ ಬರುತ್ತದೆ.

ಈ ವಾದದಲ್ಲಿ ಒಂದು ತೊಡಕಿದೆ. ದಕ್ಷತೆ ಅಂತ ಒಂದೇ ಮಾತಿನಲ್ಲಿ ಹೇಳಿದರೂ ಅದರೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಒಂದು, ಬೆಲ್ಲವನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಮಾಡುತ್ತಿದ್ದೇವಾ? ಇದು ಉತ್ಪಾದನಾ ದಕ್ಷತೆ. ಇನ್ನೊಂದು, ಜನಕ್ಕೆ ಬೇಕಾದಷ್ಟು ಬೆಲ್ಲ ಮಾಡುತ್ತಿದ್ದೇವಾ? ಇದು ಹಂಚಿಕೆಯ ದಕ್ಷತೆ. ಮೊದಲನೆಯದು ಸರಿ ಇದ್ದು ಎರಡನೆಯದು ಪೂರ್ತಿ ಕೆಟ್ಟಿರಬಹುದು. ಇನ್ನೂ ವಿಚಿತ್ರವೆಂದರೆ, ಮೊದಲನೆಯದು ಸುಧಾರಿಸುತ್ತಿರುವಾಗಲೇ ಒಟ್ಟು ನಷ್ಟ ಜಾಸ್ತಿಯಾಗಬಹುದು. ಅದು ಹೇಗೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಲೆಕ್ಕದ ಅಂಕಿಗಳು ನಾನೇ ಇಟ್ಟುಕೊಂಡವು, ಯಾವ ಸಮೀಕ್ಷೆಯವೂ ಅಲ್ಲ. ಆದರೆ ತರ್ಕ ಅರ್ಥಶಾಸ್ತ್ರದ ತರಗತಿಯಲ್ಲಿ ಹೇಳಿಕೊಡುವುದೇ.

ಒಂದು ಆಲೆಮನೆಯನ್ನು ತೆಗೆದುಕೊಳ್ಳಿ. ಶೆಡ್ಡು, ಗಾಣ, ಮೋಟರು, ಕೊಪ್ಪರಿಗೆ, ಒಲೆ ಇವೆಲ್ಲಕ್ಕೂ ಹಾಕಿದ ದುಡ್ಡಿನ ಬಡ್ಡಿ, ಮಾಲೀಕನ ಸ್ವಂತ ದುಡಿಮೆಯ ಕೂಲಿ ಎಲ್ಲ ಸೇರಿ ದಿನಕ್ಕೆ 3200 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅವತ್ತು ಒಲೆ ಹಚ್ಚದಿದ್ದರೂ ಈ ಖರ್ಚು ತಪ್ಪುವುದಿಲ್ಲ. ಇದರ ಮೇಲೆ ಒಂದು ಕ್ವಿಂಟಲ್ ಬೆಲ್ಲಕ್ಕೆ ಕಬ್ಬು, ಅರೆಯುವ ಮತ್ತು ಕುದಿಸುವ ಕೂಲಿ ಸೇರಿ 3500 ರೂಪಾಯಿ. ಒಂದು ಟನ್ ಕಬ್ಬಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಬೆಲ್ಲ ಸಿಗುತ್ತದೆ, ಹಾಗಾಗಿ ಈ ಖರ್ಚಿನ ದೊಡ್ಡ ಪಾಲು ಕಬ್ಬಿನದೇ.

ಜಾಸ್ತಿ ಮಾಡಿದಷ್ಟೂ ಇನ್ನೊಂದು ಖರ್ಚು ಏರುತ್ತದೆ. ಹಗಲು ಸಾಲದೆ ರಾತ್ರಿಯೂ ಆಳು ಇಟ್ಟುಕೊಳ್ಳಬೇಕು. ಅರೆದ ಸಿಪ್ಪೆ ಒಣಗುವಷ್ಟು ಹೊತ್ತು ಸಿಗುವುದಿಲ್ಲ, ಸೌದೆ ಕೊಳ್ಳಬೇಕಾಗುತ್ತದೆ. ದೂರದ ಹೊಲದಿಂದ ಕಬ್ಬು ತರಿಸಬೇಕು. ಇದೆಲ್ಲ ಸೇರಿ ದಿನಕ್ಕೆ ನಾಲ್ಕು ಕ್ವಿಂಟಲ್ ಮಾಡಿದರೆ ಕ್ವಿಂಟಲ್‌ಗೆ ಸರಾಸರಿ ಖರ್ಚು 4500 ಬೀಳುತ್ತದೆ ಅನ್ನಿ. ಶೆಡ್ಡು, ಗಾಣದ ಖರ್ಚು ನಾಲ್ಕೇ ಕ್ವಿಂಟಲ್ ಮೇಲೆ ಬೀಳುವುದರಿಂದ ಹಾಗೆ. ಐದು ಮಾಡಿದರೆ 4390. ಎಂಟು ಮಾಡಿದರೆ 4300. ಹತ್ತಕ್ಕೆ ಹೋದರೆ ಮತ್ತೆ 4320ಕ್ಕೆ ಏರುತ್ತದೆ. ಅಂದರೆ ಈ ಆಲೆಮನೆಗೆ ಹೇಳಿ ಮಾಡಿಸಿದ ಪ್ರಮಾಣ ದಿನಕ್ಕೆ ಎಂಟು ಕ್ವಿಂಟಲ್. ಅಲ್ಲಿ ನಿಂತರೆ ಉತ್ಪಾದನಾ ದಕ್ಷತೆ ಸಿಕ್ಕಿದ ಹಾಗೆ.

ಹಂಚಿಕೆಯ ದಕ್ಷತೆಗೆ ಸರಾಸರಿ ಖರ್ಚು ನೋಡಿದರೆ ಸಾಲದು. ಅಲ್ಲಿ ನೋಡಬೇಕಾದ್ದು ಕೊನೆಯ ಒಂದು ಕ್ವಿಂಟಲ್ ಮಾಡಲು ಎಷ್ಟು ಹೆಚ್ಚುವರಿ ಖರ್ಚಾಯಿತು ಎಂಬುದು. ಪಠ್ಯದಲ್ಲಿ ಇದಕ್ಕೆ ಸೀಮಾಂತ ವೆಚ್ಚ ಅನ್ನುತ್ತಾರೆ. ಕೊಳ್ಳುವವರು ಆ ಕ್ವಿಂಟಲ್‌ಗೆ ಕೊಡಲು ಸಿದ್ಧವಿರುವ ಬೆಲೆ ಈ ಖರ್ಚಿಗಿಂತ ಜಾಸ್ತಿ ಇದ್ದರೆ ಅದನ್ನು ಮಾಡಲೇಬೇಕು. ಕಡಿಮೆ ಇದ್ದರೆ ಮಾಡಬಾರದು. ಯಾಕೆಂದರೆ ಆ ಕಬ್ಬು ಸಕ್ಕರೆಯಾಗಬಹುದಿತ್ತು, ಆ ಆಳು ನಾಟಿಗೆ ಹೋಗಬಹುದಿತ್ತು. ಕೊನೆಯ ಕ್ವಿಂಟಲ್‌ನ ಖರ್ಚು ಮತ್ತು ಬೆಲೆ ಎರಡೂ ಒಂದಾದ ಕಡೆ ನಿಲ್ಲಬೇಕು. ನಮ್ಮ ಆಲೆಮನೆಯಲ್ಲಿ ಎಂಟು ಕ್ವಿಂಟಲ್ ಹತ್ತಿರ ಈ ಕೊನೆಯ ಖರ್ಚು ಕೂಡ 4300 ಆಗುತ್ತದೆ. ಇದು ಆಕಸ್ಮಿಕ ಅಲ್ಲ. ಕೊನೆಯದರ ಖರ್ಚು ಸರಾಸರಿಗಿಂತ ಕಡಿಮೆ ಇರುವವರೆಗೆ ಸರಾಸರಿ ಇಳಿಯುತ್ತಲೇ ಇರುತ್ತದೆ, ಜಾಸ್ತಿಯಾದ ಕೂಡಲೇ ಏರಲು ಶುರುವಾಗುತ್ತದೆ. ಹಾಗಾಗಿ ಸರಾಸರಿ ಅತಿ ಕಡಿಮೆ ಇರುವ ಜಾಗದಲ್ಲೇ ಎರಡೂ ಸೇರುತ್ತವೆ.

ಇನ್ನು ಪೇಟೆಯ ಕಡೆ. ಕ್ವಿಂಟಲ್‌ಗೆ 4300 ಇದ್ದರೆ ದಿನಕ್ಕೆ 600 ಕ್ವಿಂಟಲ್ ಹೋಗುತ್ತದೆ, ಒಂದು ಕ್ವಿಂಟಲ್ ಕಡಿಮೆ ಬಂದರೆ ಬೆಲೆ ಎರಡು ರೂಪಾಯಿ ಏರುತ್ತದೆ ಅಂತ ಇಟ್ಟುಕೊಳ್ಳೋಣ.

ಈಗ ಆ ಪೇಟೆಗೆ ಬೆಲ್ಲ ಕಳಿಸುವ ಆಲೆಮನೆಗಳು 50 ಮಾತ್ರ ಇವೆ ಅನ್ನಿ. ಬೆಲೆ 4500ಕ್ಕೆ ನಿಲ್ಲುತ್ತದೆ. ಪ್ರತಿಯೊಬ್ಬರೂ ದಿನಕ್ಕೆ ಹತ್ತು ಕ್ವಿಂಟಲ್ ಮಾಡುತ್ತಾರೆ, ಯಾಕೆಂದರೆ ಹತ್ತನೇ ಕ್ವಿಂಟಲ್ ಹೊತ್ತಿಗೆ ಕೊನೆಯ ಖರ್ಚು 4500 ಮುಟ್ಟುತ್ತದೆ. ಅಂದರೆ ಹಂಚಿಕೆಯ ದಕ್ಷತೆ ಆಗಲೇ ಸಿಕ್ಕಿದೆ. ಇರುವ ಆಲೆಮನೆಗಳಿಂದ ಎಷ್ಟು ಬೆಲ್ಲ ಬರಬೇಕಿತ್ತೋ ಅಷ್ಟೇ ಬರುತ್ತಿದೆ. ಆದರೆ ಸರಾಸರಿ ಖರ್ಚು 4320. ಎಲ್ಲರೂ ಒಲೆಯನ್ನು ಅದರ ಶಕ್ತಿಗಿಂತ ಜಾಸ್ತಿ ಉರಿಸುತ್ತಿದ್ದಾರೆ. ಉತ್ಪಾದನಾ ದಕ್ಷತೆ ಇನ್ನೂ ಬಂದಿಲ್ಲ. ಪೈಪೋಟಿ ಇದ್ದ ಮಾತ್ರಕ್ಕೆ ಎರಡೂ ತಾನಾಗಿ ಬಂದುಬಿಡುತ್ತವೆ ಅನ್ನುವುದು ತಪ್ಪು. ಎರಡನೆಯದಕ್ಕೆ ಕಾಲ ಬೇಕು.

ಕಾಲ ಏನು ಮಾಡುತ್ತದೆ? ಕ್ವಿಂಟಲ್‌ಗೆ 180ರಂತೆ ಪ್ರತಿ ಆಲೆಮನೆಗೂ ದಿನಕ್ಕೆ 1800 ರೂಪಾಯಿ ಹೆಚ್ಚುವರಿ ಲಾಭ ಸಿಗುತ್ತಿದೆ. ಅದೂ ಮಾಲೀಕನ ಕೂಲಿ, ಬಡ್ಡಿ ಕಳೆದ ಮೇಲೆ. ಇದನ್ನು ಪಕ್ಕದ ಊರಿನವನು ನೋಡುತ್ತಾನೆ. ಆಲೆಮನೆ ಹಾಕಲು ಸಕ್ಕರೆ ಕಾರ್ಖಾನೆಯಷ್ಟು ಬಂಡವಾಳ ಬೇಡ. ಮುಚ್ಚಿದ್ದನ್ನು ಗುತ್ತಿಗೆಗೆ ಹಿಡಿದೂ ಶುರು ಮಾಡಬಹುದು. ಹೊಸಬರು ಬರುತ್ತಾರೆ, ಬೆಲ್ಲ ಜಾಸ್ತಿಯಾಗುತ್ತದೆ, ಬೆಲೆ ಇಳಿಯುತ್ತದೆ. ಬೆಲೆ ಇಳಿದಂತೆ ಹಳಬರು ರಾತ್ರಿ ಪಾಳಿ ಬಿಡುತ್ತಾರೆ. ಆಲೆಮನೆಗಳು 75 ಆದಾಗ ಬೆಲೆ 4300ಕ್ಕೆ ಬರುತ್ತದೆ. ತಲಾ ಎಂಟು ಕ್ವಿಂಟಲ್, ಒಟ್ಟು 600. ಹೆಚ್ಚುವರಿ ಲಾಭ ಸೊನ್ನೆ, ಇನ್ನು ಹೊಸಬರು ಬರುವುದಿಲ್ಲ. ಇಲ್ಲಿ ಬೆಲೆ, ಕೊನೆಯ ಕ್ವಿಂಟಲ್‌ನ ಖರ್ಚು, ಅತಿ ಕಡಿಮೆ ಸರಾಸರಿ ಖರ್ಚು ಮೂರೂ ಒಂದೇ. ಎರಡೂ ದಕ್ಷತೆ ಒಟ್ಟಿಗೆ ಸಿಕ್ಕಿದವು. ಬಂದವರನ್ನು ತಡೆಯುವವರು ಇಲ್ಲದಿರುವುದು, ಸೋತವರು ಹೊರಗೆ ಹೋಗಲು ಸಾಧ್ಯವಿರುವುದು, ಇವೆರಡೇ ಈ ಕೆಲಸ ಮಾಡಿದ್ದು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಎಲ್ಲರಿಗೂ ಹೆಚ್ಚುವರಿ ಲಾಭ ಸೊನ್ನೆಯಾದರೆ, ಯಾರಾದರೂ ಸ್ವಲ್ಪ ಕಡಿಮೆ ಮಾಡಿ ಬೆಲೆ ಏರಿಸಬಾರದಾ? ಒಬ್ಬ ಮಾಲೀಕ ಎಂಟರ ಬದಲು ಏಳು ಕ್ವಿಂಟಲ್ ಮಾಡಿದ ಅನ್ನಿ. 4300 ರೂಪಾಯಿ ಬರುವುದು ತಪ್ಪಿತು. ಏಳರಿಂದ ಎಂಟಕ್ಕೆ ಹೋಗುವಾಗ ಕೊನೆಯ ಖರ್ಚು 4200ರಿಂದ 4300ಕ್ಕೆ ಏರುತ್ತದೆ, ಹಾಗಾಗಿ ಖರ್ಚು ನಡುವಿನ 4250 ಉಳಿಯಿತು. ಬೆಲೆ ಎರಡು ರೂಪಾಯಿ ಏರಿತು, ಅವನ ಬಳಿ ಉಳಿದ ಏಳು ಕ್ವಿಂಟಲ್‌ಗೆ 14 ರೂಪಾಯಿ ಬಂತು. ಕೂಡಿ ಕಳೆದರೆ 36 ರೂಪಾಯಿ ನಷ್ಟ. ಬೆಲೆ ಏರಿದ್ದರ ಲಾಭವೆಲ್ಲ ಉಳಿದ 74 ಜನರ ಪಾಲಾಯಿತು. ಹಾಗಾಗಿ ಯಾರೂ ಕಡಿಮೆ ಮಾಡುವುದಿಲ್ಲ.

ಈಗ ಒಬ್ಬ ಸಾಹುಕಾರ ಬಂದು 75 ಆಲೆಮನೆಗಳನ್ನೂ ಕೊಂಡ ಅಂತ ಊಹಿಸಿ. ಆಳುಗಳು ಅವರೇ, ಕೊಪ್ಪರಿಗೆಗಳು ಅವೇ, ಕಬ್ಬೂ ಅದೇ. ಅವನು ಅದೇ ಒಂದು ಕ್ವಿಂಟಲ್ ಕಡಿಮೆ ಮಾಡಿದರೆ? 4300 ಹೋಯಿತು, 4250 ಉಳಿಯಿತು. ಆದರೆ ಏರಿದ ಎರಡು ರೂಪಾಯಿ ಈಗ ಉಳಿದ 599 ಕ್ವಿಂಟಲ್‌ಗೂ ಅವನಿಗೇ ಸೇರುತ್ತದೆ. ಅದು 1198 ರೂಪಾಯಿ. ಒಂದೇ ಒಂದು ಕ್ವಿಂಟಲ್ ಬಿಟ್ಟಿದ್ದಕ್ಕೆ 1148 ರೂಪಾಯಿ ನಿವ್ವಳ ಲಾಭ! ಅವನು ಕೆಟ್ಟವನೇ ಆಗಬೇಕಿಲ್ಲ, ದುರಾಸೆಯವನೂ ಆಗಬೇಕಿಲ್ಲ. ಲೆಕ್ಕ ಬಲ್ಲವನಾದರೆ ಸಾಕು. ಮೊದಲಿನ 75 ಮಾಲೀಕರಿಗೆ ಇದ್ದ ಲೆಕ್ಕಕ್ಕೂ ಇವನ ಲೆಕ್ಕಕ್ಕೂ ಇರುವ ವ್ಯತ್ಯಾಸ ಅಷ್ಟೇ: ಬೆಲೆ ಏರಿದರೆ ಅದು ಯಾರ ಜೇಬಿಗೆ ಹೋಗುತ್ತದೆ ಎಂಬುದು.

ಅವನು ಕಡಿಮೆ ಮಾಡುತ್ತಾ ಹೋಗಿ, ಪ್ರತಿ ಆಲೆಮನೆಯಲ್ಲೂ ಐದು ಕ್ವಿಂಟಲ್‌ಗೆ ಬಂದು ನಿಲ್ಲುತ್ತಾನೆ. ಒಟ್ಟು 375 ಕ್ವಿಂಟಲ್. ಬೆಲೆ 4750. ಸರಾಸರಿ ಖರ್ಚು 4390. ದಿನಕ್ಕೆ ಲಾಭ 1,35,000 ರೂಪಾಯಿ.

ಎರಡೂ ದಕ್ಷತೆ ಕೆಟ್ಟಿರುವುದನ್ನು ಇಲ್ಲಿ ಬೇರೆ ಬೇರೆಯಾಗಿ ನೋಡಬಹುದು. ಕ್ವಿಂಟಲ್‌ಗೆ 4300ರಲ್ಲಿ ಆಗುತ್ತಿದ್ದ ಬೆಲ್ಲ ಈಗ 4390ಕ್ಕೆ ಆಗುತ್ತಿದೆ, ಯಾಕೆಂದರೆ ಕೊಪ್ಪರಿಗೆಗಳು ಅರ್ಧ ದಿನ ಖಾಲಿ ಇವೆ. ಇದು ಉತ್ಪಾದನೆಯ ಕಡೆಯ ಸೋಲು. ಇನ್ನೊಂದು ಕಡೆ, ಮುಂದಿನ ಒಂದು ಕ್ವಿಂಟಲ್ ಮಾಡಲು 4050 ರೂಪಾಯಿ ಸಾಕು, ಅದಕ್ಕೆ 4748 ಕೊಡಲು ಗಿರಾಕಿ ಪೇಟೆಯಲ್ಲಿ ನಿಂತಿದ್ದಾನೆ. ಆದರೂ ಆ ಬೆಲ್ಲ ತಯಾರಾಗುವುದಿಲ್ಲ. ಇದು ಹಂಚಿಕೆಯ ಸೋಲು. ಕೊಳ್ಳುವವರಿಗೆ ಒಟ್ಟು ದಿನಕ್ಕೆ 2,19,375 ರೂಪಾಯಿಯಷ್ಟು ನಷ್ಟ. ಅದರಲ್ಲಿ 1,35,000 ಸಾಹುಕಾರನ ಕೈ ಸೇರಿತು. ಉಳಿದ 84,375 ಯಾರ ಕೈಗೂ ಸೇರಲಿಲ್ಲ. ಆಗದೇ ಹೋದ ವ್ಯಾಪಾರದ ಜೊತೆ ಅದು ಹೋಯಿತು. ಏಕಸ್ವಾಮ್ಯದ ಬಗ್ಗೆ ಮಾತಾಡುವಾಗ ಜನ ಸಾಹುಕಾರನ ಲಾಭಕ್ಕೆ ಸಿಟ್ಟಾಗುತ್ತಾರೆ. ನನಗೆ ಹೆಚ್ಚು ಕಾಡುವುದು ಈ ಎರಡನೇ ಮೊತ್ತ, ಯಾಕೆಂದರೆ ಅದನ್ನು ತೆರಿಗೆ ಹಾಕಿಯೂ ವಾಪಸ್ ತರಲು ಆಗುವುದಿಲ್ಲ.

ಸಾಹುಕಾರ ಇಲ್ಲಿಗೇ ನಿಲ್ಲುವುದಿಲ್ಲ. ಅರ್ಧ ಖಾಲಿ ಇರುವ 75 ಆಲೆಮನೆ ಯಾಕೆ ಇಟ್ಟುಕೊಳ್ಳಬೇಕು? ನಿಧಾನವಾಗಿ ಅರ್ಧಕ್ಕರ್ಧ ಮುಚ್ಚುತ್ತಾನೆ. ಉಳಿದವುಗಳಲ್ಲಿ ಹೆಚ್ಚುಕಡಿಮೆ ಎಂಟೆಂಟು ಕ್ವಿಂಟಲ್ ಮಾಡಿಸುತ್ತಾನೆ. ಈಗ ಒಟ್ಟು 300 ಕ್ವಿಂಟಲ್. ಸರಾಸರಿ ಖರ್ಚು ಮತ್ತೆ 4300ಕ್ಕೆ ಇಳಿಯಿತು. ಉತ್ಪಾದನಾ ದಕ್ಷತೆ ವಾಪಸ್ ಬಂತು! ಏಕಸ್ವಾಮ್ಯ ಯಾವಾಗಲೂ ಎರಡರಲ್ಲೂ ಸೋಲುತ್ತದೆ ಅಂತ ಪಠ್ಯದ ಚಿತ್ರದಲ್ಲಿ ತೋರಿಸುವುದು ಒಂದೇ ಕಾರ್ಖಾನೆ ಇರುವ ಏಕಸ್ವಾಮ್ಯಕ್ಕೆ. ಹಲವು ಘಟಕ ಇರುವವನು ಕೆಲವನ್ನು ಮುಚ್ಚಿ ಖರ್ಚನ್ನು ಸರಿಮಾಡಿಕೊಳ್ಳಬಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಬೆಲೆ ನೋಡಿ. ಅದು 4900ಕ್ಕೆ ಏರಿದೆ. ಸಾಹುಕಾರನ ಲಾಭ 1,80,000 ಆಗಿದೆ. ಯಾರಿಗೂ ಸೇರದೆ ಹೋದ ಮೊತ್ತ 84,375ರಿಂದ 90,000ಕ್ಕೆ ಏರಿದೆ. ಖರ್ಚು ಇಳಿಯಿತು, ನಷ್ಟ ಹೆಚ್ಚಿತು. ಪತ್ರಿಕಾಗೋಷ್ಠಿಯಲ್ಲಿ ಅವನು 'ನಮ್ಮ ಘಟಕಗಳ ದಕ್ಷತೆ ಸುಧಾರಿಸಿದೆ' ಅಂದರೆ ಅದು ಸುಳ್ಳಲ್ಲ. ಕ್ವಿಂಟಲ್‌ಗೆ 90 ರೂಪಾಯಿ ಖರ್ಚು ನಿಜವಾಗಿಯೂ ಉಳಿದಿದೆ. ಆದರೆ ಅದರಿಂದ ಊರಿಗೆ ಒಳ್ಳೆಯದಾಯಿತು ಅನ್ನುವುದು ಮಾತ್ರ ನಿಜವಲ್ಲ. ಎರಡು ದಕ್ಷತೆಗಳನ್ನು ಬೇರೆ ಮಾಡಿ ನೋಡದಿದ್ದರೆ ಈ ಜಾಗದಲ್ಲಿ ಖಂಡಿತ ಮೋಸ ಹೋಗುತ್ತೇವೆ.

ಹಾಗಾದರೆ ಒಂದಾಗುವುದರಿಂದ ಖರ್ಚು ಇನ್ನೂ ಕೆಳಗೆ ಇಳಿದರೆ? ಹೊಸ ಯಂತ್ರ, ಒಟ್ಟಿಗೆ ಸಾಗಣೆ, ಒಂದೇ ಲೆಕ್ಕಪತ್ರ ಇವುಗಳಿಂದ ಉಳಿತಾಯ ಆಗಬಹುದಲ್ಲ. 1968ರಲ್ಲಿ ಅರ್ಥಶಾಸ್ತ್ರಜ್ಞ ಆಲಿವರ್ ವಿಲಿಯಂಸನ್ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಉಳಿತಾಯವನ್ನು ಒಂದು ತಕ್ಕಡಿಯಲ್ಲೂ ಹಂಚಿಕೆಯ ನಷ್ಟವನ್ನು ಇನ್ನೊಂದರಲ್ಲೂ ಇಟ್ಟು ತೂಗಬೇಕು ಎಂಬುದು ಅವರ ವಾದ. ನಮ್ಮ ಲೆಕ್ಕದಲ್ಲಿ ತೂಗಿದರೆ, ಕ್ವಿಂಟಲ್ ಖರ್ಚು 4300ರಿಂದ ಸುಮಾರು 4114ಕ್ಕೆ ಇಳಿದರೆ ಒಟ್ಟು ಲಾಭನಷ್ಟ ಸರಿಹೋಗುತ್ತದೆ. ಅಷ್ಟೇನೂ ದೊಡ್ಡ ಇಳಿಕೆ ಅಲ್ಲ, ಸಾಧ್ಯವಿರಬಹುದು. ಆದರೆ ಆಗಲೂ ಬೆಲ್ಲದ ಬೆಲೆ 4800ರ ಮೇಲೇ ಇರುತ್ತದೆ. ಸರಿಹೋದದ್ದು ಸಾಹುಕಾರನ ಲಾಭವನ್ನೂ ಕೂಡಿದ ಮೇಲೆ ಮಾತ್ರ. ಗಿರಾಕಿಗೆ ಮೊದಲಿನ 4300ರ ಬೆಲೆಯೇ ಸಿಗಬೇಕಾದರೆ ಖರ್ಚು 3100ಕ್ಕೆ ಇಳಿಯಬೇಕು. ಕಬ್ಬು ಮತ್ತು ಕೂಲಿಗೇ 3500 ಬೇಕಾಗುವಾಗ ಅದು ಆಗದ ಮಾತು.

ಇನ್ನೊಂದು ಅನುಮಾನವನ್ನೂ ಇಲ್ಲಿ ಸೇರಿಸಬೇಕು. ಈ ಸಾಹುಕಾರ ಖರ್ಚನ್ನು ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಾನೆ ಅಂತ ನಾವು ಅಂದುಕೊಂಡೆವು. ಹಾಗೆ ನೋಡಿಕೊಳ್ಳುವಂತೆ ಅವನನ್ನು ಒತ್ತಾಯಿಸುವವರು ಯಾರೂ ಇಲ್ಲ. 75 ಮಾಲೀಕರಿದ್ದಾಗ ಕ್ವಿಂಟಲ್‌ಗೆ 100 ರೂಪಾಯಿ ಪೋಲು ಮಾಡಿದವನು ಒಂದಲ್ಲ ಒಂದು ದಿನ ಆಲೆಮನೆ ಮುಚ್ಚಬೇಕಾಗಿತ್ತು. ಇವನು ಅಷ್ಟನ್ನೇ ಪೋಲು ಮಾಡಿದರೆ ಲಾಭ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ. ಏಕಸ್ವಾಮ್ಯದವನು ಲಾಭದ ಒಂದು ಪಾಲನ್ನು ನೆಮ್ಮದಿಯ ರೂಪದಲ್ಲಿ ಅನುಭವಿಸುತ್ತಾನೆ ಎಂದು ಜಾನ್ ಹಿಕ್ಸ್ 1935ರಲ್ಲೇ ಗುರುತಿಸಿದ್ದರು. ಪೈಪೋಟಿಯ ಒತ್ತಡ ಇಲ್ಲದ ಕಡೆ ಸಂಸ್ಥೆಯೊಳಗೆ ಸೇರಿಕೊಳ್ಳುವ ಇಂಥ ಸಡಿಲಕ್ಕೆ ಹಾರ್ವೆ ಲೈಬೆನ್‌ಸ್ಟೈನ್ 1966ರಲ್ಲಿ ಎಕ್ಸ್ ಅದಕ್ಷತೆ ಅಂತ ಹೆಸರಿಟ್ಟರು. ಹಾಗಾಗಿ ಮರಳಿ ಬಂದ ಉತ್ಪಾದನಾ ದಕ್ಷತೆಯೂ ಉಳಿಯುತ್ತದೆ ಅನ್ನುವ ಭರವಸೆ ಇಲ್ಲ. ಹಂಚಿಕೆಯ ದಕ್ಷತೆಯಂತೂ ಅವನು ಎಲ್ಲರಿಗೂ ಒಂದೇ ಬೆಲೆಗೆ ಮಾರುತ್ತಿರುವಷ್ಟು ಕಾಲ ಬರುವುದೇ ಇಲ್ಲ.

ಹೊರಗಿನಿಂದ ಇದನ್ನು ಗುರುತಿಸುವುದು ಹೇಗೆ? ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಏಕಸ್ವಾಮ್ಯ ಅನ್ನಲು ಆಗುವುದಿಲ್ಲ. 50 ಆಲೆಮನೆ ಇದ್ದಾಗಲೂ ಬೆಲೆ 4500 ಇತ್ತು, ಎಲ್ಲರಿಗೂ ಒಳ್ಳೆ ಲಾಭವೂ ಇತ್ತು. ಆದರೆ ಆಗ ಒಲೆಗಳು ರಾತ್ರಿಯೂ ಉರಿಯುತ್ತಿದ್ದವು, ಹೊಸ ಶೆಡ್ಡುಗಳು ಏಳುತ್ತಿದ್ದವು. ಬೆಲೆ ಏರಿದೆ, ಲಾಭ ಇದೆ, ಆದರೂ ಕೊಪ್ಪರಿಗೆ ಖಾಲಿ ಇವೆ, ಹೊಸಬರು ಬರುತ್ತಿಲ್ಲ ಅಂದರೆ ಅನುಮಾನ ಪಡಬೇಕು. ಮಾಲೀಕರು 75 ಜನ ಇದ್ದೂ ಒಳಗೊಳಗೇ ಮಾತಾಡಿಕೊಂಡು ಐದೈದು ಕ್ವಿಂಟಲ್‌ಗೆ ನಿಂತರೂ ಫಲ ಇದೇ. 2002ರ ಸ್ಪರ್ಧಾ ಕಾಯ್ದೆ ಅಂಥ ಒಪ್ಪಂದಗಳನ್ನೂ ದೊಡ್ಡ ವಿಲೀನಗಳನ್ನೂ ಎರಡನ್ನೂ ನೋಡುವುದು ಇದಕ್ಕೇ.

ಪೈಪೋಟಿಯ ಲೆಕ್ಕಕ್ಕೂ ಮಿತಿಗಳಿವೆ. ಸಿಪ್ಪೆ ಸಾಲದಾದಾಗ ಹಳೇ ಟೈರು, ಪ್ಲಾಸ್ಟಿಕ್ ಉರಿಸಿದರೆ ಹೊಗೆ ಕುಡಿಯುವವರು ಅಕ್ಕಪಕ್ಕದ ಮನೆಯವರು. ಆ ಖರ್ಚು ಮಾಲೀಕನ 4300ರಲ್ಲಿ ಸೇರಿರುವುದಿಲ್ಲ. ಆಗ ಬೆಲೆ ಮತ್ತು ಖರ್ಚು ಒಂದಾದರೂ ಅದು ಊರಿನ ನಿಜವಾದ ಖರ್ಚಲ್ಲ. ಬೆಲ್ಲಕ್ಕೆ ಸಕ್ಕರೆ ಬೆರೆಸಿದ್ದು ಕೊಳ್ಳುವವರಿಗೆ ಗೊತ್ತಾಗದಿದ್ದರೆ ಪೈಪೋಟಿ ಒಳ್ಳೆ ಬೆಲ್ಲ ಮಾಡುವವನನ್ನೇ ಹೊರಗೆ ತಳ್ಳುತ್ತದೆ. ಇವೆರಡಕ್ಕೂ ತಪಾಸಣೆ ಬೇಕು, ಪೈಪೋಟಿ ಮಾತ್ರ ಸಾಲದು. ಕೆಲವು ಕಡೆಯಂತೂ ಪೈಪೋಟಿಯೇ ದುಂದು. ಮೈಸೂರಿನ ಒಂದೇ ಬೀದಿಯಲ್ಲಿ ಎರಡು ಕಂಪನಿ ಎರಡು ಸಾಲು ಕಂಬ ನೆಟ್ಟು ತಂತಿ ಎಳೆದರೆ ಸರಾಸರಿ ಖರ್ಚು ಏರುತ್ತದೆ. ಅದಕ್ಕೇ ಅಲ್ಲಿ ವಿದ್ಯುತ್ ಹಂಚುವ ಕೆಲಸ ಸೆಸ್ಕ್ ಒಂದಕ್ಕೇ ಇದೆ, ದರ ನಿಗದಿ ಮಾಡುವುದು ಮಾತ್ರ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಬೆಲ್ಲ ಆ ಜಾತಿಯ ಸರಕಲ್ಲ. ಎಂಟು ಕ್ವಿಂಟಲ್‌ಗೇ ಖರ್ಚು ತಳ ಮುಟ್ಟುವ ಉದ್ಯಮಕ್ಕೆ 600 ಕ್ವಿಂಟಲ್‌ನ ಪೇಟೆಯಲ್ಲಿ 75 ಜನಕ್ಕೂ ಜಾಗ ಇದೆ.

ಕೊನೆಗೆ ಕಬ್ಬು ಬೆಳೆಯುವವರ ಮಾತು. ಸಾಹುಕಾರ 600ರಿಂದ 300 ಕ್ವಿಂಟಲ್‌ಗೆ ಇಳಿದಾಗ ದಿನಕ್ಕೆ 300 ಟನ್ ಕಬ್ಬನ್ನು ಕೊಳ್ಳುವವರು ಇಲ್ಲವಾದರು. ಅಷ್ಟೇ ಅಲ್ಲ, ಉಳಿದ ಕಬ್ಬಿಗೂ ಅವನೊಬ್ಬನೇ ಗಿರಾಕಿಯಾದರೆ ಕಬ್ಬಿನ ಬೆಲೆಯನ್ನೂ ಕೆಳಕ್ಕೆ ಒತ್ತಬಲ್ಲ. ನಮ್ಮ ಲೆಕ್ಕದ 3500 ಇಳಿಯುವುದು ಆಗ ಉಳಿತಾಯದಿಂದ ಅಲ್ಲ, ರೈತನ ಕೈಯಿಂದ. ಸಕ್ಕರೆ ಕಾರ್ಖಾನೆಗಳ ವಿಷಯದಲ್ಲಿ ಈ ಆತಂಕ ಕಲ್ಪನೆಯಲ್ಲ. 1966ರ ಕಬ್ಬು ನಿಯಂತ್ರಣ ಆದೇಶದಡಿ ಒಂದು ಪ್ರದೇಶದ ಕಬ್ಬನ್ನು ಒಂದು ಕಾರ್ಖಾನೆಗೆ ಮೀಸಲಿಡಬಹುದು. 2006ರಿಂದ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕು. ಕಾರ್ಖಾನೆಗೆ ಕಬ್ಬಿನ ಖಾತ್ರಿ ಸಿಗಲಿ ಅನ್ನುವುದು ಇದರ ಉದ್ದೇಶ. ಆದರೆ ಹೊಸಬರು ಬರುವ ದಾರಿಯನ್ನು ಇದೇ ಮುಚ್ಚುತ್ತದೆ. ನಮ್ಮ ಲೆಕ್ಕದಲ್ಲಿ 50 ಆಲೆಮನೆಯನ್ನು 75 ಮಾಡಿದ್ದು ಆ ದಾರಿಯೇ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಈ ಮೀಸಲು ಪ್ರದೇಶವನ್ನೂ ಅಂತರದ ನಿಯಮವನ್ನೂ ಕೈಬಿಡಬೇಕು ಎಂದು ಶಿಫಾರಸು ಮಾಡಿತ್ತು. ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ ಕಬ್ಬಿನ ಬೆಲೆಗೆ ಒಂದು ತಳ ಹಾಕುತ್ತದೆ, 14 ದಿನದೊಳಗೆ ದುಡ್ಡು ಕೊಡಬೇಕು ಅಂತಲೂ ಆದೇಶದಲ್ಲಿದೆ. ಅದು ಕಾಗದದ ಮೇಲಿನ ರಕ್ಷಣೆ. ಪಕ್ಕದಲ್ಲಿ ಆಲೆಮನೆ ನಡೆಯುತ್ತಿದ್ದರೆ, ಕಾರ್ಖಾನೆ ತಡಮಾಡಿದಾಗ ಮಂಡ್ಯದ ರೈತ ಗಾಡಿಯನ್ನು ಅತ್ತ ತಿರುಗಿಸಬಲ್ಲ. ಅದಕ್ಕೇ ಆಲೆಮನೆಗಳ ಸಂಖ್ಯೆಯನ್ನು ಬೆಲ್ಲದ ಖರ್ಚಿನ ಲೆಕ್ಕದಲ್ಲಿ ಮಾತ್ರ ನೋಡಬಾರದು, ಕಬ್ಬಿಗೆ ಎಷ್ಟು ಜನ ಗಿರಾಕಿಗಳಿದ್ದಾರೆ ಅನ್ನುವ ಲೆಕ್ಕದಲ್ಲೂ ನೋಡಬೇಕು.